ಎದೆ ಮೇಲೆ ಕೂರುವ ದೆವ್ವ, ನಿದ್ದೆಯಲ್ಲಿ ಒದೆಯುವ ತಾತ

ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಒಂದು ದೂರು ಆಗಾಗ ಕಿವಿಗೆ ಬೀಳುತ್ತದೆ. ಬೆಳಗಿನ ಜಾವ ದೆವ್ವ ಬಂದು ಅದುಮಿತು ಅಂತ. ಕಣ್ಣು ಬಿಟ್ಟಿದೆ, ಸೂರು ಕಾಣುತ್ತಿದೆ, ಪಕ್ಕದಲ್ಲಿ ಮಗು ಮಲಗಿರುವುದೂ ಗೊತ್ತಾಗುತ್ತಿದೆ. ಆದರೆ ಕೈ ಎತ್ತೋಕಾಗಲ್ಲ, ಕೂಗೋಣ ಅಂದರೆ ಗಂಟಲಿಂದ ದನಿ ಬರಲ್ಲ. ಎದೆ ಮೇಲೆ ಯಾರೋ ಕೂತಿದ್ದಾರೆ. ಮಾರನೇ ದಿನ ದಿಂಬಿನ ಕೆಳಗೆ ಕುಡುಗೋಲೋ ಚಪ್ಪಲಿಯೋ ಬರುತ್ತದೆ. ಅದಕ್ಕೂ ಜಗ್ಗದಿದ್ದರೆ ತಾಯಿತ.

ಇದು ನಮ್ಮ ಕಡೆಯವರಿಗೆ ಮಾತ್ರ ಬರುವ ದೆವ್ವ ಅಲ್ಲ. 1664ರಲ್ಲಿ ಡಚ್ ವೈದ್ಯ ಇಸ್‌ಬ್ರಾಂಡ್ ವಾನ್ ಡೀಮರ್‌ಬ್ರೂಕ್ ತನ್ನ ಹತ್ತಿರ ಬಂದ ಐವತ್ತು ವರ್ಷದ ಹೆಂಗಸೊಬ್ಬಳ ಕತೆ ಬರೆದಿಟ್ಟಿದ್ದಾನೆ. ರಾತ್ರಿ ಒಮ್ಮೊಮ್ಮೆ ಸೈತಾನ ತನ್ನ ಮೇಲೆ ಮಲಗಿ ಹಿಡಿದುಕೊಳ್ಳುತ್ತಾನೆ, ಒಮ್ಮೊಮ್ಮೆ ದೊಡ್ಡ ನಾಯಿ ಎದೆ ಮೇಲೆ ಕೂತು ಉಸಿರು ಕಟ್ಟಿಸುತ್ತದೆ ಅನ್ನುತ್ತಿದ್ದಳಂತೆ. 1928ರಲ್ಲಿ ಲಂಡನ್ನಿನ ನರವೈದ್ಯ ಕಿನ್ನಿಯರ್ ವಿಲ್ಸನ್ ಇದಕ್ಕೆ ‘ಸ್ಲೀಪ್ ಪ್ಯಾರಾಲಿಸಿಸ್’, ಅಂದರೆ ನಿದ್ರಾ ಪಾರ್ಶ್ವವಾಯು ಅಂತ ಹೆಸರಿಟ್ಟರು. ಹೆಸರೇನೋ ಸಿಕ್ಕಿತು. ಆದರೆ ನಿದ್ದೆಯ ಒಳಗೆ ಏನು ನಡೆಯುತ್ತದೆ ಅನ್ನುವುದೇ ಆಗ ಯಾರಿಗೂ ಗೊತ್ತಿರಲಿಲ್ಲ.

ಅದು ಗೊತ್ತಾಗೋಕೆ ಶುರುವಾಗಿದ್ದು 1950ರ ದಶಕದಲ್ಲಿ, ಷಿಕಾಗೋ ವಿಶ್ವವಿದ್ಯಾಲಯದಲ್ಲಿ. ಯೂಜೀನ್ ಆಸೆರಿನ್‌ಸ್ಕಿ ಎಂಬ ಸಂಶೋಧನಾ ವಿದ್ಯಾರ್ಥಿ ತನ್ನ ಎಂಟು ವರ್ಷದ ಮಗನ ಕಣ್ಣ ಹತ್ತಿರ ವೈರು ಅಂಟಿಸಿ, ಹಳೇ ಯಂತ್ರವೊಂದಕ್ಕೆ ಜೋಡಿಸಿ, ರಾತ್ರಿಯಿಡೀ ಕಾದು ಕೂತ. ಮಗ ಗಾಢ ನಿದ್ದೆಯಲ್ಲಿದ್ದಾನೆ, ಆದರೆ ಯಂತ್ರದ ಮುಳ್ಳು ಅವನು ಎಚ್ಚರವಾಗಿ ಸುತ್ತ ನೋಡುತ್ತಿರುವ ಹಾಗೆ ಗೀಚುತ್ತಿದೆ. ಯಂತ್ರವೇ ಕೆಟ್ಟಿರಬೇಕು ಅಂತ ಮೊದಲು ಅನುಮಾನ ಬಂತು. ಕೆಟ್ಟಿರಲಿಲ್ಲ. 1953ರಲ್ಲಿ ಆತ ಮತ್ತು ಗುರು ನಥಾನಿಯಲ್ ಕ್ಲೈಟ್‌ಮನ್ ಸೇರಿ ಫಲಿತಾಂಶ ಪ್ರಕಟಿಸಿದರು. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಓಡಾಡುವಾಗ 27 ಸಲ ಎಬ್ಬಿಸಿ ಕೇಳಿದರೆ, 20 ಸಲ ಜನ ವಿವರವಾಗಿ ಕನಸು ಹೇಳಿದ್ದರು. ಈ ನಿದ್ದೆಗೆ ‘ರೆಮ್’ ಅನ್ನುವ ಹೆಸರು ನಿಂತಿತು.

ನಮಗೆ ಬೇಕಾದ ಅರ್ಧ ಕತೆ ಇದು. ಇನ್ನರ್ಧ ಸಿಕ್ಕಿದ್ದು ಫ್ರಾನ್ಸಿನ ಲಿಯಾನ್‌ನಲ್ಲಿ, ಬೆಕ್ಕುಗಳಿಂದ. ನಿದ್ದೆಯ ಸಂಶೋಧಕ ಮಿಷೆಲ್ ಜೂವೆ ಬೆಕ್ಕುಗಳ ಮೆದುಳಿನ ಜೊತೆಗೆ ಕತ್ತಿನ ಸ್ನಾಯುವಿನ ಅಲೆಗಳನ್ನೂ ದಾಖಲಿಸುತ್ತಿದ್ದರು. ಮೆದುಳು ಎಚ್ಚರದಲ್ಲಿದ್ದಷ್ಟೇ ಚುರುಕಾಗಿರುವ ಹೊತ್ತಿಗೆ ಸರಿಯಾಗಿ ಕತ್ತಿನ ಗೆರೆ ಮಾತ್ರ ಪೂರ್ತಿ ಚಪ್ಪಟೆ. ಟ್ರ್ಯಾಕ್ಟರಿನ ಕ್ಲಚ್ ಒತ್ತಿ ಹಿಡಿದು ಆಕ್ಸಿಲರೇಟರ್ ಕೊಟ್ಟ ಹಾಗೆ: ಎಂಜಿನ್ ಭೋರ್ಗರೆಯುತ್ತದೆ, ಗಾಲಿ ತಿರುಗಲ್ಲ. ಜೂವೆ 1959ರಲ್ಲಿ ಇದನ್ನು ‘ವಿರೋಧಾಭಾಸದ ನಿದ್ದೆ’ ಅಂತ ಕರೆದರು.

ಆ ಕ್ಲಚ್ ಇರುವುದು ಮೆದುಳಿನ ಕಾಂಡದಲ್ಲಿ, ಕತ್ತಿನ ಮೇಲ್ಭಾಗದಲ್ಲಿ ಬೆನ್ನುಹುರಿ ಮೆದುಳಿಗೆ ಸೇರುವ ಕಡೆ. ರೆಮ್ ಶುರುವಾದಾಗ ಅಲ್ಲಿನ ‘ಪಾನ್ಸ್’ ಭಾಗದ ಒಂದು ಸಣ್ಣ ಗುಂಪಿನ ನರಕೋಶಗಳು ಕೆಳಕ್ಕೆ ಸಂದೇಶ ಕಳಿಸುತ್ತವೆ. ಕೊನೆಗೆ ಗ್ಲೈಸಿನ್, ಗಾಬಾ ಎಂಬ ಎರಡು ರಾಸಾಯನಿಕಗಳು ಕೈಕಾಲಿನ ಸ್ನಾಯುಗಳನ್ನು ಆಡಿಸುವ ನರಗಳನ್ನು ಸುಮ್ಮನಾಗಿಸುತ್ತವೆ. ಮುಖ್ಯವಾಗಿ ಎರಡು ಕಡೆ ವಿನಾಯಿತಿ. ಒಂದು, ಕಣ್ಣು ಆಡಿಸುವ ಸ್ನಾಯು. ಇನ್ನೊಂದು, ಉಸಿರಾಟದ ಮುಖ್ಯ ಸ್ನಾಯುವಾದ ವಪೆ. ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಸಡಿಲವಾಗುತ್ತವೆ, ವಪೆಯೊಂದೇ ದುಡಿಯುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಎದೆ ಮೇಲಿನ ದೆವ್ವ ಬರುವುದೇ ಇಲ್ಲಿಂದ.

ರೆಮ್‌ನಲ್ಲಿ ಕನಸು ಯಾಕೆ ಅಷ್ಟು ನಿಜ ಅನ್ನಿಸುತ್ತದೆ? ದೃಶ್ಯ ಕಟ್ಟುವ ಭಾಗಗಳು, ಭಯ ಹುಟ್ಟಿಸುವ ಅಮಿಗ್ಡಲಾ ಆಗ ಜೋರಾಗಿ ಕೆಲಸ ಮಾಡುತ್ತಿರುತ್ತವೆ. ‘ಇದು ಸಾಧ್ಯಾನಾ?’ ಅಂತ ಪ್ರಶ್ನೆ ಕೇಳುವ ಹಣೆಯ ಹಿಂದಿನ ಭಾಗ ಮಂಕಾಗಿರುತ್ತದೆ. ಸತ್ತ ಅಜ್ಜಿ ಬಂದು ಮುದ್ದೆ ಬಡಿಸಿದರೂ ನಮಗೆ ಅನುಮಾನ ಬರಲ್ಲ.

ಈಗ ರೇಷ್ಮೆ ಮನೆಗೆ ಬರೋಣ. ನನಗೆ ಪರಿಚಯದ ಒಂದು ಮನೆಯ ಸೊಸೆಗೆ ಇಪ್ಪತ್ನಾಲ್ಕು ವರ್ಷ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಮೇಲೆ, ಸುಮಾರು ಒಂದು ವಾರ ಆ ಮನೆಯಲ್ಲಿ ಯಾರಿಗೂ ಸರಿಯಾದ ನಿದ್ದೆ ಇರಲ್ಲ. ಹುಳು ತನ್ನ ಜನ್ಮದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಈ ವಾರದಲ್ಲೇ ತಿನ್ನುತ್ತದೆ. ರಾತ್ರಿ ಹನ್ನೊಂದಕ್ಕೆ ಒಂದು ಸಲ ಸೊಪ್ಪು ಹಾಕಬೇಕು, ನಾಲ್ಕಕ್ಕೆ ಎದ್ದು ಇನ್ನೊಂದು ಸಲ. ಐದಕ್ಕೆ ಆಕೆ ಭುಜ ನೋವು ಅಂತ ಅಂಗಾತ ಮಲಗುತ್ತಾಳೆ. ಆಗಲೇ ದೆವ್ವ ಬರುವುದು. ಬೆಳೆ ಇಲ್ಲದ ದಿನಗಳಲ್ಲಿ ಬರಲ್ಲ. “ಹುಳದ ಮನೇಲೇ ಏನೋ ಐತೆ ಕಣವ್ವ” ಅಂತ ಅವರತ್ತೆ ಅನುಮಾನಪಟ್ಟಿದ್ದರು.

ಅತ್ತೆಯ ಲೆಕ್ಕಾಚಾರ ಅರ್ಧ ಸರಿ. ಮಾಮೂಲಿ ರಾತ್ರಿಯಲ್ಲಿ ಮಲಗಿದ ಸುಮಾರು ಒಂದೂವರೆ ಗಂಟೆಗೆ ಮೊದಲ ರೆಮ್ ಬರುತ್ತದೆ, ಅದೂ ಕೆಲವೇ ನಿಮಿಷ. ಬೆಳಗಿನ ಜಾವಕ್ಕೆ ಅದು ಅರ್ಧ ಗಂಟೆ ಮೀರಿ ಉದ್ದವಾಗುತ್ತದೆ. ಅಂದರೆ ನಾಲ್ಕು ಗಂಟೆಗೆ ಎದ್ದವರು ಬಿಟ್ಟು ಬಂದದ್ದು ರೆಮ್ ಹೆಚ್ಚಿರುವ ಹೊತ್ತನ್ನೇ. ಒಂದು ಗಂಟೆ ಎಚ್ಚರವಿದ್ದು ಮತ್ತೆ ಮಲಗಿದಾಗ ಮೆದುಳು ಮೊದಲ ಹಂತಗಳನ್ನು ಹಾರಿ ನೇರವಾಗಿ ರೆಮ್‌ಗೆ ಇಳಿಯಬಹುದು. 1992ರಲ್ಲಿ ಜಪಾನಿನ ಸಂಶೋಧಕರು ಪ್ರಯೋಗಾಲಯದಲ್ಲಿ ಮಾಡಿದ್ದೂ ಇದನ್ನೇ. ಜನರನ್ನು ನಡುರಾತ್ರಿ ಎಬ್ಬಿಸಿ, ಸ್ವಲ್ಪ ಹೊತ್ತು ಎಚ್ಚರವಾಗಿ ಕೂರಿಸಿ, ಮತ್ತೆ ಮಲಗಿಸಿದರು. ಕೆಲವರಿಗೆ ಅಲ್ಲೇ ದೆವ್ವ ಬಂತು, ಯಂತ್ರದಲ್ಲಿ ದಾಖಲೂ ಆಯಿತು. ಮೆದುಳಿನ ಅಲೆಯಲ್ಲಿ ಎಚ್ಚರದ ಗುರುತು, ಸ್ನಾಯುವಿನ ಗೆರೆ ಮಾತ್ರ ಚಪ್ಪಟೆ. ಎಚ್ಚರ ಬಂದಿದೆ, ಕ್ಲಚ್ ಬಿಟ್ಟಿಲ್ಲ.

ಉಳಿದದ್ದೆಲ್ಲ ಇದರಿಂದ ಬರುತ್ತದೆ. ಹೆದರಿದವರು ದೊಡ್ಡ ಉಸಿರು ಎಳೆಯೋಕೆ ನೋಡುತ್ತಾರೆ. ಎದೆ ಹಿಗ್ಗಿಸುವ ಸ್ನಾಯು ಮಾತು ಕೇಳಲ್ಲ, ಆದ್ದರಿಂದ ಯಾರೋ ಅದುಮಿದಂತೆ ಅನಿಸುತ್ತದೆ. ನಿಜಕ್ಕೂ ಉಸಿರು ನಿಂತಿರಲ್ಲ, ವಪೆ ತನ್ನ ಪಾಡಿಗೆ ಆಡುತ್ತಿರುತ್ತದೆ. ಕನಸಿನ ಚೂರುಗಳು ನಿಜವಾದ ಕೋಣೆಯೊಳಗೇ ತೇಲಿ ಬರುತ್ತವೆ. ಅಂಗಾತ ಮಲಗಿದರೆ ಇದು ಜಾಸ್ತಿ. ಸಾಮಾನ್ಯವಾಗಿ ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷದಲ್ಲಿ ತಾನೇ ಬಿಟ್ಟುಹೋಗುತ್ತದೆ, ಯಾರಾದರೂ ಮುಟ್ಟಿದರೆ ಬೇಗ ಬಿಡುತ್ತದೆ. ಕುಡುಗೋಲನ್ನು ನಾನು ಬೈಯಲ್ಲ, ಧೈರ್ಯ ಬಂದರೆ ನಿದ್ದೆ ಚೆನ್ನಾಗಿ ಬರುತ್ತದೆ ಅಲ್ವಾ. ಆದರೆ ಆ ಮನೆಯಲ್ಲಿ ಕೆಲಸಕ್ಕೆ ಬಂದದ್ದು ಬೇರೆ: ಸೊಸೆ ಹನ್ನೊಂದರ ಸೊಪ್ಪು ಹಾಕುವುದು, ಅವಳ ಗಂಡ ನಾಲ್ಕರದ್ದು ನೋಡಿಕೊಳ್ಳುವುದು, ಆಕೆ ಮಗ್ಗುಲಾಗಿ ಮಲಗುವುದು. ಇದರ ಜೊತೆ ಹಗಲಲ್ಲಿ ತಡೆಯಲಾಗದ ತೂಕಡಿಕೆ, ನಕ್ಕಾಗ ಮಂಡಿ ಕುಸಿಯುವುದು ಇದ್ದರೆ ಮಾತ್ರ ಅದು ನಾರ್ಕೋಲೆಪ್ಸಿ ಎಂಬ ಕಾಯಿಲೆ ಇರಬಹುದು. ಆಗ ವೈದ್ಯರಿಗೆ ತೋರಿಸಬೇಕು.

ಕ್ಲಚ್ ಬಿಡದಿದ್ದರೆ ಹೀಗೆ. ಹಿಡಿಯದೇ ಹೋದರೆ? ಅದನ್ನೂ ಜೂವೆ ನೋಡಿದರು. 1965ರ ಹೊತ್ತಿಗೆ ಬೆಕ್ಕುಗಳ ಪಾನ್ಸ್‌ನಲ್ಲಿ ಆ ಸಣ್ಣ ಜಾಗಕ್ಕೆ ಪೆಟ್ಟು ಕೊಟ್ಟಾಗ, ಅವು ರೆಮ್ ನಿದ್ದೆಯಲ್ಲೇ ಎದ್ದು ನಿಂತವು. ಇಲ್ಲದ ಇಲಿಯನ್ನು ಹೊಂಚು ಹಾಕಿದವು, ಇಲ್ಲದ ಶತ್ರುವಿನ ಮೇಲೆ ಎಗರಿದವು. ಎದುರಿಗಿದ್ದದ್ದರ ಪರಿವೆಯೇ ಅವಕ್ಕಿರಲಿಲ್ಲ. ಮನುಷ್ಯರಲ್ಲೂ ಹೀಗಾಗುತ್ತದೆ ಅಂತ ಖಚಿತವಾಗಿ ಗೊತ್ತಾಗೋಕೆ ಇಪ್ಪತ್ತು ವರ್ಷ ಬೇಕಾಯಿತು. 1982ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮನೋವೈದ್ಯ ಕಾರ್ಲೋಸ್ ಶೆಂಕ್ ಬಳಿಗೆ 67 ವರ್ಷದ ಒಬ್ಬರು ಬಂದರು. ಕನಸಲ್ಲಿ ಅವರು ಅಮೆರಿಕನ್ ಫುಟ್‌ಬಾಲ್ ಆಡುತ್ತ ಎದುರಾಳಿಗೆ ಡಿಕ್ಕಿ ಹೊಡೆದಿದ್ದರು. ಎಚ್ಚರವಾದಾಗ ಮಲಗುವ ಕೋಣೆಯ ಬೀರುವಿನ ಮುಂದೆ ತಲೆ ಒಡೆದುಕೊಂಡು ಬಿದ್ದಿದ್ದರು. ಶೆಂಕ್ ಮತ್ತು ಮಾರ್ಕ್ ಮಹೊವಾಲ್ಡ್ 1986ರಲ್ಲಿ ಇಂಥ ಐದು ರೋಗಿಗಳ ವಿವರ ಪ್ರಕಟಿಸಿದರು. ರೆಮ್ ನಿದ್ದೆಯ ವರ್ತನೆಯ ತೊಂದರೆ ಅಂತ ಇದಕ್ಕೆ ಹೆಸರಾಯಿತು.

ಚಿಂತಾಮಣಿ ಕಡೆಯ ಒಬ್ಬ ನಿವೃತ್ತ ಬಸ್ ಡ್ರೈವರ್ ಇದ್ದಾರೆ, ಅರವತ್ನಾಲ್ಕು ವರ್ಷ. ಐದಾರು ವರ್ಷದಿಂದ ರಾತ್ರಿ ಮೂರು ಗಂಟೆ ಕಳೆದ ಮೇಲೆ ಬೈಯುತ್ತಾರೆ, ಗೋಡೆಗೆ ಗುದ್ದುತ್ತಾರೆ, ಬಲಗಾಲಲ್ಲಿ ಒದೆಯುತ್ತಾರೆ. ಹೆಂಡತಿಯ ಮೊಣಕಾಲಿನ ಹತ್ತಿರ ಕಪ್ಪಗೆ ಕಂದಿತ್ತು. ಎಬ್ಬಿಸಿದರೆ ತಕ್ಷಣ ಪೂರ್ತಿ ಎಚ್ಚರ. “ಮಗು ಅಡ್ಡ ಬಂತು, ಬ್ರೇಕ್ ಒತ್ತಿದೆ” ಅನ್ನುತ್ತಾರೆ. ಹಗಲಲ್ಲಿ ಯಾರಿಗೂ ಒಂದು ಗಟ್ಟಿ ಮಾತಾಡದ ಮನುಷ್ಯ. ಕುಡಿದಿರಬೇಕು ಅಂತ ಮನೆಯವರು ಅಂದುಕೊಂಡಿದ್ದರು. ಕೊನೆಗೆ ಬೆಂಗಳೂರಿನಲ್ಲಿ ಒಂದು ರಾತ್ರಿ ನಿದ್ದೆಯ ಪರೀಕ್ಷೆ ಆಯಿತು. ತಲೆ, ಕಣ್ಣಿನ ಪಕ್ಕ, ಗಲ್ಲ, ತೋಳು, ಕಾಲಿಗೆಲ್ಲ ವೈರು. ರೆಮ್ ಬಂದಾಗ ಚಪ್ಪಟೆಯಾಗಬೇಕಿದ್ದ ಗಲ್ಲದ ಗೆರೆ ಮುಳ್ಳುಮುಳ್ಳಾಗಿ ಎದ್ದು ನಿಂತಿತ್ತು. ವೈದ್ಯರು ಇನ್ನೂ ಎರಡು ಪ್ರಶ್ನೆ ಕೇಳಿದರು: ಮಲಬದ್ಧತೆ ಇದೆಯಾ, ವಾಸನೆ ಗೊತ್ತಾಗುತ್ತಾ? ಬಸ್ಸಾರಿನ ಒಗ್ಗರಣೆಯ ಘಮ ಮೂಗಿಗೆ ಹತ್ತಿ ವರ್ಷಗಳಾಗಿದೆ ಅಂತ ಆಗ ಅವರಿಗೆ ಹೊಳೆಯಿತು.

ಆ ಪ್ರಶ್ನೆಗಳ ಹಿಂದೆ ಒಂದು ಕಹಿ ಇತಿಹಾಸವಿದೆ. ಶೆಂಕ್ ತಂಡ ಈ ತೊಂದರೆಯಿದ್ದ, ಐವತ್ತು ದಾಟಿದ 29 ಗಂಡಸರನ್ನು ವರ್ಷಗಟ್ಟಲೆ ಗಮನಿಸಿತ್ತು. 1996ರಲ್ಲಿ ಲೆಕ್ಕ ಹಾಕಿದಾಗ ಅವರಲ್ಲಿ 38 ಶೇಕಡ ಮಂದಿಗೆ ಪಾರ್ಕಿನ್ಸನ್ ಥರದ ಕಾಯಿಲೆ ಬಂದಿತ್ತು. 2019ರಲ್ಲಿ ಹಲವು ದೇಶಗಳ 1,280 ರೋಗಿಗಳನ್ನು ಸೇರಿಸಿ ನೋಡಿದಾಗ, ವರ್ಷಕ್ಕೆ ಸುಮಾರು ಆರು ಶೇಕಡ ಜನ ಪಾರ್ಕಿನ್ಸನ್‌ಗೋ ಅದರ ಸಂಬಂಧಿ ಮರೆವಿನ ಕಾಯಿಲೆಗೋ ತಿರುಗುತ್ತಿದ್ದರು. ಕಾರಣ ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನು. ಅದು ನರಕೋಶಗಳಲ್ಲಿ ಉಂಡೆಕಟ್ಟಿ ಅವನ್ನು ಕೊಲ್ಲುತ್ತದೆ. ಅನೇಕರಲ್ಲಿ ಅದು ಮೆದುಳಿನ ಕಾಂಡದ ಕೆಳಗಿನಿಂದ ಮೇಲಕ್ಕೆ ಹಬ್ಬುತ್ತದೆ. ಕೈ ನಡುಗಿಸುವ ಜಾಗ ಮುಟ್ಟುವ ಮುಂಚೆಯೇ ಕ್ಲಚ್ ಇರುವ ಜಾಗ ದಾರಿಯಲ್ಲಿ ಸಿಗುತ್ತದೆ. ಹಾಗಾಗಿ ಒದೆತ ಮೊದಲು, ನಡುಕ ಎಷ್ಟೋ ವರ್ಷ ಆದಮೇಲೆ. ಮಲಬದ್ಧತೆ, ವಾಸನೆ ಗೊತ್ತಾಗದಿರುವುದೂ ಹೀಗೇ ಮೊದಲೇ ಕಾಣಿಸಿಕೊಳ್ಳಬಹುದು.

ಇದನ್ನು ಓದಿ ರಾತ್ರಿ ಗೊಣಗುವವರೆಲ್ಲ ಹೆದರಬೇಕಿಲ್ಲ. ಮಲಗಿದ ಒಂದೆರಡು ಗಂಟೆಯೊಳಗೆ ಎದ್ದು ಕೂತು, ಕಣ್ಣು ಬಿಟ್ಟುಕೊಂಡೇ ಕಿರುಚಿ, ಎಬ್ಬಿಸಿದರೂ ತಬ್ಬಿಬ್ಬಾಗಿರುವ ಮಗು ಇರುವುದು ರೆಮ್‌ನಲ್ಲಿ ಅಲ್ಲ, ಗಾಢ ನಿದ್ದೆಯಲ್ಲಿ. ಅದು ಬೇರೆಯೇ ತೊಂದರೆ. ಜೋರು ಗೊರಕೆಯವರಿಗೆ ಉಸಿರು ಕಟ್ಟಿ ಎದ್ದಾಗಲೂ ಒದೆತ ಇರುತ್ತದೆ, ಉಸಿರಾಟ ಸರಿಮಾಡಿದರೆ ಅದೂ ನಿಲ್ಲುತ್ತದೆ. ಖಿನ್ನತೆಯ ಕೆಲವು ಮಾತ್ರೆಗಳೂ ಈ ಕ್ಲಚ್ಚನ್ನು ಸಡಿಲಿಸಬಲ್ಲವು. ಪರೀಕ್ಷೆ ಬೇಕಾಗುವುದು ಇವನ್ನೆಲ್ಲ ಬೇರ್ಪಡಿಸೋಕೆ.

ಡ್ರೈವರಿಗೆ ವೈದ್ಯರು ಮೆಲಟೋನಿನ್ ಕೊಟ್ಟಿದ್ದಾರೆ. ಹೆಚ್ಚು ಬಳಕೆಯಲ್ಲಿರುವ ಇನ್ನೊಂದು ಮಾತ್ರೆ ಕ್ಲೋನಜೆಪಾಮ್. ವಯಸ್ಸಾದವರಲ್ಲಿ ಅದು ತೂರಾಡಿಸಿ ಬೀಳಿಸಬಹುದು, ಗೊರಕೆಯ ತೊಂದರೆ ಇದ್ದರೆ ಅದನ್ನೂ ಹೆಚ್ಚಿಸಬಹುದು. ಆದ್ದರಿಂದ ಅಂಗಡಿಯಲ್ಲಿ ಕೇಳಿ ನುಂಗುವ ಮಾತ್ರೆ ಅದಲ್ಲ. ಎರಡೂ ಒದೆತ ಕಮ್ಮಿ ಮಾಡುತ್ತವೆ, ಮುಂದಿನ ಕಾಯಿಲೆ ತಡೆಯುತ್ತವೆ ಅಂತ ಇದುವರೆಗೆ ಸಾಬೀತಾಗಿಲ್ಲ. ಮಂಚ ತೆಗೆದು ಹಾಸಿಗೆ ನೆಲಕ್ಕೆ ಬಂದಿದೆ. ಪಕ್ಕದಲ್ಲಿದ್ದ ಕಬ್ಬಿಣದ ಟ್ರಂಕು ಹೊರಗೆ ಹೋಗಿದೆ. ಹೆಂಡತಿ ಒಂದು ಮೊಳ ದೂರ ಬೇರೆ ಚಾಪೆ ಹಾಸಿಕೊಂಡಿದ್ದಾರೆ. ವರ್ಷಕ್ಕೊಮ್ಮೆ ನರವೈದ್ಯರ ಹತ್ತಿರ ಹೋಗಿ ನಡಿಗೆ, ಕೈಬರಹ, ನೆನಪು ತೋರಿಸಿ ಬರಬೇಕು ಅಂತ ವೈದ್ಯರು ಹೇಳಿದ್ದಾರೆ.