ಸಂಬಳ ಬಿದ್ದಿದ್ದು ತುಮಕೂರಲ್ಲಿ, ಟ್ಯಾಕ್ಸ್ ಕೇಳಿದ್ದು ಜರ್ಮನಿ

ವಸಂತನರಸಾಪುರದ ಒಂದು ಫ್ಯಾಕ್ಟರಿಲಿರೋ ನಮ್ಮಕ್ಕನ ಮಗನ್ನ ಕಂಪನಿಯವ್ರು 2024ರಲ್ಲಿ ಮಷೀನ್ ಕೂರಿಸೋಕೆ ಅಂತ ಜರ್ಮನಿಗೆ ಕಳ್ಸಿದ್ರು. ವಾಪಸ್ ಬಂದ್ಮೇಲೆ ಅಲ್ಲಿನ ಟ್ಯಾಕ್ಸ್ ಕಾಗದ ಬಂತು. "ಮಾವ, ಸಂಬಳ ಕೊಡೋದು ಇಲ್ಲಿನ ಕಂಪನಿ, ಬೀಳೋದು ಇಲ್ಲಿನ ಬ್ಯಾಂಕಿಗೆ, ಅವ್ರು ಯಾಕ್ ಕೇಳ್ತಾರೆ?" ಅಂದ.

ದುಡ್ಡು ಯಾವ ಬ್ಯಾಂಕಿಗೆ ಬೀಳುತ್ತೆ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ, ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನೋದೂ ಅಷ್ಟೆ. ಎರಡು ದೇಶಗಳ ತೆರಿಗೆ ಒಪ್ಪಂದ ನೋಡೋದು ನೀನು ಎಲ್ಲಿ ನಿಂತು ಕೆಲ್ಸ ಮಾಡ್ದೆ ಅಂತ, ಮೊದಲ ಹಕ್ಕು ಆ ದೇಶದ್ದು. ಸ್ವಲ್ಪ ದಿನಕ್ಕೆ ಹೋಗಿ ಬರೋರಿಗೆ ಮಾತ್ರ ವಿನಾಯಿತಿ ಇದೆ, ಅದಕ್ಕೆ ಮೂರು ಷರತ್ತು: ಅಲ್ಲಿ ಇದ್ದಿದ್ದು 183 ದಿನ ದಾಟಬಾರದು, ಸಂಬಳ ಕೊಡೋನು ಅಲ್ಲಿಯವನಾಗಿರಬಾರದು, ಅಲ್ಲಿರೋ ನಮ್ಮ ಕಂಪನಿ ಶಾಖೆ ಆ ಖರ್ಚು ಹೊತ್ತಿರಬಾರದು. ಮೂರೂ ಒಟ್ಟಿಗೆ ಇರಬೇಕು, ಒಂದು ತಪ್ಪಿದ್ರೂ ವಿನಾಯಿತಿ ಹೋಯ್ತು.

ಕ್ಯಾಲೆಂಡರ್ ಬಿಚ್ಕೊಂಡು ಪಾಸ್‌ಪೋರ್ಟಿನ ಸೀಲು ನೋಡ್ಕೊಂಡು ಎಣಿಸಿದ್ವಿ. ಜನವರಿ 10ಕ್ಕೆ ಇಳಿದು ಜುಲೈ 20ಕ್ಕೆ ಹೊರಟಿದ್ದ. ಅವನು ಭಾನುವಾರ, ರಜೆ ಎಲ್ಲ ಬಿಟ್ಟು ಎಣಿಸಿದ್ದ, ಆದ್ರೆ ಅಲ್ಲಿ ಕಾಲಿಟ್ಟಿರೋ ಪ್ರತಿ ದಿನಾನೂ ಸೇರುತ್ತೆ, ರಾತ್ರಿ ಹನ್ನೊಂದಕ್ಕೆ ಇಳಿದ್ರೂ ಅದು ಒಂದು ದಿನವೇ. ಒಟ್ಟು 193. ಹತ್ತು ದಿನ ಜಾಸ್ತಿ ಆಯ್ತು ಅಂತ ಬರೀ ಆ ಹತ್ತು ದಿನದ ಸಂಬಳಕ್ಕಲ್ಲ ಟ್ಯಾಕ್ಸು, ಅಲ್ಲಿ ಕೆಲ್ಸ ಮಾಡಿದ ಮೊದಲನೇ ದಿನದಿಂದ್ಲೂ ಹಿಡೀತಾರೆ.

ನನ್ನನ್ನ ಹೆಚ್ಚು ಕಾಡೋದು ಎರಡನೇ ಷರತ್ತು, ಯಾಕಂದ್ರೆ ಅದು ಕೆಲಸಗಾರನ ಕಣ್ಣಿಗೇ ಬೀಳಲ್ಲ. ಹುಡುಗ ಎರಡೇ ತಿಂಗಳು ಹೋಗಿದ್ರೂ, ಅವನ ಸಂಬಳದ ಖರ್ಚನ್ನ ಅಲ್ಲಿನ ಕಂಪನಿ ತುಮಕೂರಿನ ಕಂಪನಿಗೆ ತುಂಬಿಕೊಟ್ಟು, ದಿನಾ ಕೆಲ್ಸ ಹೇಳೋರೂ ಅಲ್ಲಿಯವ್ರೇ ಆಗಿದ್ರೆ, ನಿಜವಾದ ಮಾಲೀಕ ಅಲ್ಲಿಯವನೇ ಅಂತ ಆ ದೇಶ ಹೇಳಬಹುದು. ಆಗ 183 ದಿನದ ಮಾತೇ ಬರಲ್ಲ. ಹೊರಡೋ ಮೊದ್ಲೇ ಎಚ್‌ಆರ್ ಹತ್ರ "ನನ್ನ ಸಂಬಳ ಅಲ್ಲಿಯವ್ರಿಗೆ ಬಿಲ್ ಆಗುತ್ತಾ" ಅಂತ ಕೇಳ್ಬೇಕು.

ಇತ್ತ ಇಂಡಿಯಾ ಕೂಡ ಬಿಡಲ್ಲ. ನಮ್ಮ ವರ್ಷ ಏಪ್ರಿಲ್‌ನಿಂದ ಮಾರ್ಚ್, ಅವನ 193 ದಿನ 82 ಮತ್ತು 111 ಅಂತ ಎರಡು ವರ್ಷಕ್ಕೆ ಹಂಚಿಹೋಗಿ ಎರಡೂ ವರ್ಷ ಅವನು ಇಲ್ಲಿನ ನಿವಾಸಿನೇ, ಹಾಗಾಗಿ ಜರ್ಮನಿ ಸಂಬಳವೂ ಇಲ್ಲಿನ ರಿಟರ್ನ್‌ಗೆ ಸೇರುತ್ತೆ. ಅಲ್ಲಿ ಕಟ್ಟಿದ್ದನ್ನ ಇಲ್ಲಿ ಕಳೀತಾರೆ, ಅದಕ್ಕೆ ಆ ವರ್ಷಗಳಿಗೆ ಫಾರ್ಮ್ 67 ಜೊತೆ ಕಟ್ಟಿದ ರಸೀದಿ ಹಾಕ್ಬೇಕು. ಆದ್ರೆ ಕಳೆಯೋಕೂ ಮಿತಿ ಇದೆ. ಉದಾಹರಣೆಗೆ ಆ ಸಂಬಳದ ಮೇಲೆ ಇಲ್ಲಿನ ಟ್ಯಾಕ್ಸ್ 90 ಸಾವಿರ, ಅಲ್ಲಿ ಕಟ್ಟಿದ್ದು 1 ಲಕ್ಷ 40 ಸಾವಿರ ಅಂತಿಟ್ಕೊಳ್ಳಿ, ಸಿಗೋದು 90 ಸಾವಿರ ಅಷ್ಟೆ. ಉಳಿದ 50 ಸಾವಿರಾನ ಇಂಡಿಯಾ ವಾಪಸ್ ಕೊಡಲ್ಲ, ಅದನ್ನ ಕಂಪನಿ ಭರಿಸುತ್ತಾ ಇಲ್ವಾ ಅಂತ ಹೋಗೋ ಮೊದ್ಲೇ ಲೆಟರ್‌ನಲ್ಲಿ ಬರೆಸ್ಕೊಂಡಿರಬೇಕಿತ್ತು, ನಮ್ಮ ಹುಡುಗ ಬರೆಸ್ಕೊಂಡಿರಲಿಲ್ಲ.