ಯಾವ ಕಾಗದ ತರಲಿ ಎಂದು ಕೇಳಿ ನೋಡಿ

ಸಹಕಾರ ಸಂಘದ ಮಹಾಸಭೆಯ ನೋಟಿಸು ಓದಿದವರಿಗೆ ಅದರ ಕೊನೆಯ ಸಾಲು ಬಾಯಿಪಾಠವಾಗಿರುತ್ತದೆ: ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರ ವಿಷಯಗಳು’. ಅದಕ್ಕೂ ಮೊದಲು ಜಮಾಖರ್ಚಿನ ಮಂಜೂರಾತಿ, ಲಾಭದ ವಿಲೇವಾರಿ, ಲೆಕ್ಕಪರಿಶೋಧಕರ ನೇಮಕ ಎಂದು ವಿಷಯಗಳು ಒಂದರ ಕೆಳಗೊಂದು ಅಚ್ಚಾಗಿರುತ್ತವೆ. ಕಂಪನಿಗಳಿಗೂ ಇದೇ ಶಿಸ್ತು. 2013ರ ಕಂಪನಿ ಕಾಯ್ದೆಯ 101ನೇ ಕಲಮಿನ ಪ್ರಕಾರ ಷೇರುದಾರರ ಸಭೆಗೆ ಸಾಮಾನ್ಯವಾಗಿ 21 ದಿನ ಮುಂಚೆ ನೋಟಿಸು ಹೋಗಬೇಕು, ಅಲ್ಲಿ ಏನೇನು ಕಲಾಪ ನಡೆಯುತ್ತದೆ ಎಂಬುದು ಅದರಲ್ಲೇ ಇರಬೇಕು. ಮೊಬೈಲಿಗೆ ಬಂದು ಬೀಳುವ ಕ್ಯಾಲೆಂಡರ್ ಆಹ್ವಾನಕ್ಕೆ ಮಾತ್ರ ಈ ಯಾವ ಕಟ್ಟುಪಾಡೂ ಇಲ್ಲ. ದಿನಾಂಕ, ಸಮಯ, ಒಂದು ಕೊಂಡಿ, ಒಂಬತ್ತು ಜನರ ಹೆಸರು ಇಷ್ಟಿದ್ದರೆ ಆಯಿತು. ಇಡೀ ಸಭೆಯೇ ‘ಇತರ ವಿಷಯ’.

ಕಲಬುರಗಿ, ಬೀದರ್ ಕಡೆಯ ಕಚೇರಿ ಮತ್ತು ಕಾರ್ಖಾನೆಗಳಿಗೆ ಕೆಲಸದ ಪದ್ಧತಿಗಳನ್ನು ರೂಪಿಸಿಕೊಡುವುದು ನನ್ನ ವೃತ್ತಿ. ಇತ್ತೀಚೆಗೆ ಅಲ್ಲಿ ನನಗೆ ಹೆಚ್ಚಾಗಿ ಎದುರಾಗುವ ಪ್ರಶ್ನೆ ಇದು: ವಿಷಯವೇ ಬರೆಯದ ಆಹ್ವಾನವನ್ನು ಬೇಡ ಎನ್ನುವುದು ಹೇಗೆ? ಬೆಂಗಳೂರಿನಲ್ಲಿ ಅಥವಾ ಹೈದರಾಬಾದಿನಲ್ಲಿ ಕೂತ ಸಾಹೇಬರಿಗೆ ‘ಯಾತಕ್ಕೆ ಕರೆದಿರಿ’ ಎಂದು ಕೇಳಲು ಬಾಯಿ ಬರುವುದಿಲ್ಲ. ಕೇಳದೆ ಹೋಗಿ ಕೂತರೆ ಒಂದು ಗಂಟೆ ಹೋಯಿತು. ಹೀಗಾಗಿ ಹೆಚ್ಚಿನವರು ಮೂರನೆಯ ದಾರಿ ಹಿಡಿಯುತ್ತಾರೆ: ಉತ್ತರಿಸದೆ ಸುಮ್ಮನಿರುವುದು. ಮೂರರಲ್ಲಿ ಇದೇ ಕೆಟ್ಟದ್ದು ಎಂಬುದು ನನ್ನ ಅಭಿಪ್ರಾಯ. ಕರೆದವರಿಗೆ ನೀವು ಬರುತ್ತೀರೋ ಇಲ್ಲವೋ ತಿಳಿಯುವುದಿಲ್ಲ. ಔಟ್‌ಲುಕ್ ಬಳಸುವ ಕಚೇರಿಗಳಲ್ಲಂತೂ ಉತ್ತರಿಸದೆ ಬಿಟ್ಟ ಆಹ್ವಾನವೂ ಸಾಮಾನ್ಯವಾಗಿ ನಿಮ್ಮ ಕ್ಯಾಲೆಂಡರಿನಲ್ಲಿ ತಾತ್ಕಾಲಿಕ ಎಂದು ಜಾಗ ಹಿಡಿದು ಕೂತಿರುತ್ತದೆ.

ಬೇಡ ಎನ್ನುವುದು ಎರಡನೆಯ ಹೆಜ್ಜೆ. ಮೊದಲನೆಯದು ಕೇಳುವುದು, ಮತ್ತು ಕೇಳುವ ಧಾಟಿಯಲ್ಲೇ ಅರ್ಧ ಕೆಲಸ ಇದೆ. ‘ಸಭೆಯ ಉದ್ದೇಶವೇನು?’ ಎಂದು ಬರೆದರೆ, ನೀವು ಎಷ್ಟೇ ಮೃದುವಾಗಿ ಅಂದುಕೊಂಡಿದ್ದರೂ, ಓದುವವರಿಗೆ ಅದು ವಿಚಾರಣೆಯಂತೆ ಕೇಳಿಸುತ್ತದೆ. ಸಭೆ ಕರೆದದ್ದಕ್ಕೆ ಅವರು ಸಮಜಾಯಿಷಿ ಕೊಡಬೇಕಾಗುತ್ತದೆ. ‘ನಾನು ಯಾವ ಕಾಗದಪತ್ರ ಸಿದ್ಧಮಾಡಿಕೊಂಡು ಬರಲಿ?’ ಎಂದು ಕೇಳಿದರೆ ಬೇಕಾದ ಮಾಹಿತಿ ಅದೇ ಸಿಗುತ್ತದೆ, ಆದರೆ ಕೇಳಿದವರು ಕೆಲಸಕ್ಕೆ ಅಣಿಯಾದವರಂತೆ ಕಾಣುತ್ತಾರೆ. ಯಾವ ಕಾಗದ ಬೇಕು ಎಂದು ಹೇಳಬೇಕಾದರೆ ವಿಷಯ ಏನೆಂದು ಕರೆದವರು ತಾವೇ ಮೊದಲು ಯೋಚಿಸಲೇಬೇಕು. ಎಷ್ಟೋ ಸಲ ಅವರು ಯೋಚಿಸುವುದು ಆಗಲೇ.

ಒಂದು ಉದಾಹರಣೆ ಹೇಳುತ್ತೇನೆ. ಕಲಬುರಗಿಯ ಒಂದು ದಾಲ್ ಮಿಲ್ಲಿನ ಗುಣಮಟ್ಟ ವಿಭಾಗವನ್ನು ನೋಡಿಕೊಳ್ಳುವ ಮಹಿಳೆಗೆ ಜನವರಿಯ ಒಂದು ಸೋಮವಾರ ಆಹ್ವಾನ ಬಂತು. ಕರೆದವರು ಬೇಳೆ ಕೊಳ್ಳುವ ಕಂಪನಿಯ ಖರೀದಿ ವ್ಯವಸ್ಥಾಪಕರು. ಬುಧವಾರ 11ರಿಂದ 12, ಒಂಬತ್ತು ಜನ, ತಲೆಬರಹ `Tur sync`, ವಿವರಣೆಯ ಜಾಗ ಖಾಲಿ. ಜನವರಿ ಎಂದರೆ ಹೊಸ ತೊಗರಿ ಗಂಜಿಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ಬರುವ ಕಾಲ. ಆ ಮಿಲ್ಲಿನಲ್ಲಿ ಬೆಳಗಿನ 11ರ ಹೊತ್ತಿಗೆ ಗಂಜಿನಿಂದ ಬಂದ ಸ್ಯಾಂಪಲ್‌ಗಳ ತೇವಾಂಶ ನೋಡಿ, ಕಸಕಡ್ಡಿ ಮತ್ತು ಹುಳುಕು ಕಾಳು ಆರಿಸಿ ತೂಗಿ, ಕೊಳ್ಳಬಹುದೋ ಬೇಡವೋ ಎಂದು ಆಕೆ ಹೇಳಬೇಕು. ಆಕೆ ಎದ್ದುಹೋದರೆ ಖರೀದಿ ನಿಲ್ಲುತ್ತದೆ.

ಆಕೆ `Decline` ಒತ್ತಲಿಲ್ಲ. `Tentative` ಆರಿಸಿಕೊಂಡು, ಉತ್ತರ ಕಳುಹಿಸುವ ಮೊದಲು ಅದರಲ್ಲಿ ನಾಲ್ಕು ಸಾಲು ಬರೆದರು:

‘ನಮಸ್ಕಾರ ಸರ್. ಬುಧವಾರದ ಸಭೆಯ ಆಹ್ವಾನ ತಲುಪಿದೆ. ಅಂದು ಯಾವ ವಿಷಯ ತೀರ್ಮಾನವಾಗಬೇಕಿದೆ, ನನ್ನ ಕಡೆಯಿಂದ ಯಾವ ವರದಿ ಬೇಕು ಎಂದು ತಿಳಿಸಿದರೆ ಸಿದ್ಧಮಾಡಿಕೊಂಡು ಬರುತ್ತೇನೆ. ಆ ಹೊತ್ತಿನಲ್ಲಿ ಸ್ಯಾಂಪಲ್ ತಪಾಸಣೆ ನಡೆಯುತ್ತಿರುತ್ತದೆ. ಮಂಗಳವಾರ ಸಂಜೆ 5ರೊಳಗೆ ತಿಳಿದರೆ ಇಲ್ಲಿ ಬದಲಿ ವ್ಯವಸ್ಥೆ ಮಾಡಲು ಅನುಕೂಲವಾಗುತ್ತದೆ.’

ಈ ನಾಲ್ಕು ಸಾಲನ್ನು ಸ್ವಲ್ಪ ಬಿಡಿಸಿ ನೋಡಬೇಕು. ‘ಚರ್ಚೆ’ ಎಂಬ ಮಾತು ಇದರಲ್ಲಿ ಎಲ್ಲೂ ಇಲ್ಲ, ‘ತೀರ್ಮಾನ’ ಎಂದಿದೆ. ಯಾವುದರ ಬಗ್ಗೆ ಚರ್ಚೆ ಎಂದು ಕೇಳಿದ್ದರೆ ‘ತೊಗರಿಯ ಬಗ್ಗೆ’ ಎಂಬ ಉತ್ತರ ಬರುತ್ತಿತ್ತು, ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಎರಡನೆಯದಾಗಿ, ತಮ್ಮ ತೊಂದರೆಯನ್ನು ಆಕೆ ದೂರಿನಂತೆ ಹೇಳದೆ, ಗಡುವಿಗೆ ಕಾರಣವಾಗಿ ಮಾತ್ರ ಹೇಳಿದ್ದಾರೆ. ಗಡುವು ಇಲ್ಲದ ವಿನಂತಿಗೆ ಉತ್ತರ ಬರುವುದು ಸಭೆ ಶುರುವಾಗಲು ಐದು ನಿಮಿಷ ಇರುವಾಗ.

ಮಂಗಳವಾರ ಮಧ್ಯಾಹ್ನ ಉತ್ತರ ಬಂತು. ಮೂರು ವಿಷಯಗಳಿದ್ದವು: ಒಂದು ಕೆ.ಜಿ. ಪೊಟ್ಟಣದ ಹೊಸ ಲೇಬಲ್, ಫೆಬ್ರುವರಿಯ ಲಾರಿಗಳ ವ್ಯವಸ್ಥೆ, ಮತ್ತು ಖರೀದಿದಾರರ ಗೋದಾಮಿನಲ್ಲಿ ತೇವಾಂಶ ಹೆಚ್ಚು ಬಂದ ಒಂದು ಲಾಟು. ಮೊದಲ ಎರಡಕ್ಕೂ ಆಕೆಗೂ ಸಂಬಂಧವಿಲ್ಲ. ಮೂರನೆಯದಕ್ಕೆ ಆಕೆ ಇಲ್ಲದೆ ಆಗುವುದಿಲ್ಲ. ಆಗ ಆಕೆ ಮಿಲ್ಲಿನಿಂದ ಹೊರಡುವಾಗ ಆ ಲಾಟಿನಲ್ಲಿ ದಾಖಲಾದ ತೇವಾಂಶದ ವರದಿಯನ್ನು ಅಂದೇ ಕಳುಹಿಸಿದರು. ಎರಡೂ ಕಡೆ ಒಂದೇ ಸ್ಯಾಂಪಲ್ ಅಳೆದಿದ್ದೇವೆಯೇ, ಎರಡೂ ತೇವಾಂಶ ಮಾಪಕಗಳನ್ನು ಕೊನೆಯದಾಗಿ ಯಾವಾಗ ತಾಳೆ ನೋಡಲಾಗಿತ್ತು ಎಂದೂ ಕೇಳಿದರು. ಆ ವಿಷಯವನ್ನು ಕೊನೆಗೆ ಇಟ್ಟುಕೊಂಡರೆ 11.40ಕ್ಕೆ ಬಂದು ಸೇರುತ್ತೇನೆ ಎಂದರು. ಸಭೆಯಲ್ಲಿ ಆಕೆ ಇದ್ದದ್ದು ಇಪ್ಪತ್ತು ನಿಮಿಷ, ಅಷ್ಟರಲ್ಲಿ ಮರುಪರೀಕ್ಷೆಗೆ ಒಪ್ಪಿಗೆಯಾಯಿತು. ಲೇಬಲ್ ನೋಡಿಕೊಳ್ಳುವವರು ಲಾರಿ ಮತ್ತು ತೇವಾಂಶದ ಮಾತಿಗೆ ಕೂರಬೇಕಿಲ್ಲ ಎಂಬುದು ಕರೆದವರಿಗೂ ಹೊಳೆದು, ಅವರನ್ನು ಮೊದಲ ಹತ್ತು ನಿಮಿಷಕ್ಕೇ ಬಿಟ್ಟುಕೊಟ್ಟರು.

ಉತ್ತರವೇ ಬಾರದಿದ್ದರೆ? ಗಡುವು ಮುಗಿದ ಮೇಲೆ ಒಮ್ಮೆ ಫೋನ್ ಮಾಡಿ ಎಂದು ನಾನು ಹೇಳುತ್ತೇನೆ. ನಮ್ಮ ಕಡೆ ಇಮೇಲಿಗೆ ಸಿಗದ ಉತ್ತರ ಫೋನಿಗೆ ಸಿಗುತ್ತದೆ, ಜೊತೆಗೆ ಮಾತಿನಲ್ಲಿ ಸೌಜನ್ಯ ತೋರಿಸುವುದು ಸುಲಭ. ಅಲ್ಲೂ ‘ಬನ್ನಿ, ಕೂತು ಮಾತನಾಡೋಣ’ ಎಂದರೆ ನೀವೇ ಒಂದು ಊಹೆಯನ್ನು ಮುಂದಿಡಿ: ‘ಕಳೆದ ವಾರದ ಲಾಟಿನ ವಿಷಯವೇ ಸರ್? ಹಾಗಿದ್ದರೆ ಅದರ ವರದಿ ತೆಗೆದಿಡುತ್ತೇನೆ.’ ವಿಷಯಸೂಚಿ ಬರೆಯಲು ಬೇಸರಪಡುವವರೂ ತಪ್ಪು ಊಹೆಯನ್ನು ತಿದ್ದದೆ ಬಿಡುವುದಿಲ್ಲ. ‘ಅದಲ್ಲ ರೀ, ಲಾರಿಯದ್ದು’ ಎಂದರೆ ನಿಮಗೆ ಬೇಕಾದದ್ದು ಸಿಕ್ಕಿತು.

ಇಷ್ಟಾದ ಮೇಲೂ ವಿಷಯ ತಿಳಿಯದಿದ್ದರೆ, ಅಥವಾ ತಿಳಿದ ವಿಷಯಕ್ಕೆ ನೀವು ಬೇಕಿಲ್ಲ ಎಂದಾದರೆ, ಆಗ `Decline`. ಔಟ್‌ಲುಕ್‌ನಲ್ಲಿ ಉತ್ತರವನ್ನೇ ಕಳುಹಿಸದೆ ನಿರಾಕರಿಸುವ ಆಯ್ಕೆಯೂ ಇದೆ, `Do Not Send a Response` ಎಂದು. ಅದನ್ನು ಬಳಸಬೇಡಿ. ಸಭೆ ನಿಮ್ಮ ಕ್ಯಾಲೆಂಡರಿನಿಂದ ಮರೆಯಾಗುತ್ತದೆ, ಕರೆದವರು ಮಾತ್ರ ನಿಮ್ಮ ದಾರಿ ಕಾಯುತ್ತಾ ಕೂತಿರುತ್ತಾರೆ. ನಿರಾಕರಣೆಯ ಜೊತೆ ಎರಡು ಸಾಲು ಇರಲಿ: ‘ಈ ಸಭೆಗೆ ನನ್ನಿಂದ ಏನು ಬೇಕೆಂದು ತಿಳಿಯದ ಕಾರಣ ಸದ್ಯಕ್ಕೆ ಬರುತ್ತಿಲ್ಲ. ಗುಣಮಟ್ಟದ ಪ್ರಶ್ನೆ ಬಂದರೆ ಫೋನ್ ಮಾಡಿ, ಕೂಡಲೇ ಸೇರಿಕೊಳ್ಳುತ್ತೇನೆ.’ ಗೂಗಲ್ ಕ್ಯಾಲೆಂಡರಿನಲ್ಲಿ ಉತ್ತರದ ಜೊತೆ ಬರೆಯುವ ಟಿಪ್ಪಣಿ, ಅತಿಥಿಗಳ ಪಟ್ಟಿ ತೆರೆದಿದ್ದರೆ, ಉಳಿದವರಿಗೂ ನಿಮ್ಮ ಹೆಸರಿನ ಕೆಳಗೆ ಕಾಣಿಸುತ್ತದೆ. ಒಬ್ಬರಿಗೆ ಹೇಳಬೇಕಾದ ಮಾತನ್ನು ಅಲ್ಲಿ ಬರೆದು ಎಂಟು ಜನರ ಮುಂದೆ ಅವರಿಗೆ ಮುಜುಗರ ತರಬೇಡಿ. ಅದಕ್ಕೆ ಪ್ರತ್ಯೇಕ ಇಮೇಲ್ ಇದೆ.

ಬರಲು ಮನಸ್ಸಿಲ್ಲದಿರುವುದಕ್ಕೆ ವಿಷಯಸೂಚಿಯನ್ನು ನೆಪ ಮಾಡಿಕೊಳ್ಳುವವರನ್ನೂ ಕಂಡಿದ್ದೇನೆ. ಅದು ತಿರುಗುಬಾಣವಾಗುತ್ತದೆ. ಕರೆದವರು ಅಚ್ಚುಕಟ್ಟಾಗಿ ಐದು ವಿಷಯ ಬರೆದು ಕಳುಹಿಸಿದರೆ ಮುಂದೆ ಹೇಳಲು ಏನೂ ಉಳಿಯುವುದಿಲ್ಲ. ತೊಂದರೆ ಸಮಯದ್ದಾದರೆ ಸಮಯ ಎಂದೇ ಹೇಳಬೇಕು. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬಿಸಿಲಿನ ಕಾರಣಕ್ಕೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುತ್ತವೆ. ಇದನ್ನು ಮರೆತು ಬೇರೆ ಊರಿನವರು ಮಧ್ಯಾಹ್ನ 3ಕ್ಕೆ ಸಭೆ ಇಟ್ಟರೆ ಅಲ್ಲಿ ವಿಷಯ ಕೇಳುವ ಪ್ರಶ್ನೆಯೇ ಬರುವುದಿಲ್ಲ. `Propose New Time` ಒತ್ತಿ, ಬೆಳಿಗ್ಗೆ 10 ಎಂದು ಹಾಕಿ, ಬೇಸಿಗೆ ವೇಳಾಪಟ್ಟಿ ಎಂದು ಒಂದು ಸಾಲು ಬರೆದರೆ ಸಾಕು.

ಎಲ್ಲರನ್ನೂ ಹೀಗೆ ಕೇಳಬಹುದು ಎಂದೂ ತಿಳಿಯಬೇಡಿ. ಅಪಘಾತವಾಗಿದೆ, ಯಂತ್ರ ನಿಂತಿದೆ ಎಂಬಂಥ ದಿನ ಹತ್ತು ನಿಮಿಷದಲ್ಲಿ ಸೇರಿ ಎಂದರೆ ಸೇರಬೇಕು. ಸಿಬ್ಬಂದಿಯ ಮೇಲಿನ ದೂರು, ವರ್ಗಾವಣೆ, ಸಂಬಳದಂಥ ಸಂಗತಿಗಳಲ್ಲಿ ಬೇಕೆಂದೇ ವಿಷಯ ಬರೆದಿರುವುದಿಲ್ಲ, ಏಕೆಂದರೆ ಕ್ಯಾಲೆಂಡರನ್ನು ಸಹಾಯಕರೂ ತೆರೆದು ನೋಡುತ್ತಾರೆ. ಮಾನವ ಸಂಪನ್ಮೂಲ ವಿಭಾಗದಿಂದ ಇಬ್ಬರಿಗಷ್ಟೇ ಆಹ್ವಾನ ಬಂದಿದ್ದರೆ ‘ಯಾವುದಾದರೂ ಕಡತ ತರಬೇಕೇ?’ ಎಂದು ಮಾತ್ರ ಕೇಳಿ, ‘ಬೇಡ’ ಎಂದರೆ ಅಲ್ಲಿಗೆ ಬಿಡಿ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಹೇಳುವುದು, ಮೊದಲ ಕೆಲವು ತಿಂಗಳು ಕೇಳುವುದನ್ನು ಕೇಳಿ, ಆದರೆ ಬೇಡ ಎನ್ನುವ ಮೊದಲು ನಿಮ್ಮ ಮೇಲಿನವರಿಗೆ ಒಂದು ಮಾತು ತಿಳಿಸಿ ಎಂದು.

ಇನ್ನು ಪ್ರತಿ ಸೋಮವಾರ ತಾನಾಗಿ ಬರುವ ಸಭೆಗಳು. ಒಂದು ಕಾಲದಲ್ಲಿ ಅವಕ್ಕೆ ವಿಷಯ ಇದ್ದಿರುತ್ತದೆ, ಆ ಕೆಲಸ ಮುಗಿದರೂ ಸಭೆ ಉಳಿದಿರುತ್ತದೆ. ಇವನ್ನು ನಿರಾಕರಿಸುವಾಗ ಗೂಗಲ್ ಕ್ಯಾಲೆಂಡರ್ `This event` ಬೇಕೋ `All events` ಬೇಕೋ ಎಂದು ಕೇಳುತ್ತದೆ. ಅವಸರದಲ್ಲಿ `All events` ಒತ್ತಿದರೆ ಸರಣಿಯಷ್ಟೂ ಸಭೆಗಳಿಗೆ ಇಲ್ಲ ಎಂದಂತೆ, ಮುಂದೆ ನಿಜವಾಗಿ ನೀವು ಬೇಕಾದ ವಾರವೂ ಅದರಲ್ಲೇ ಸೇರಿಹೋಗಿರುತ್ತದೆ. ಆ ಒಂದು ವಾರದ್ದನ್ನು ಮಾತ್ರ ಬಿಡಿ, ‘ಈ ವಾರ ನನ್ನ ವಿಭಾಗದಿಂದ ಹೊಸದೇನಿಲ್ಲ’ ಎಂದು ಬರೆಯಿರಿ. ಸತತ ಮೂರ್ನಾಲ್ಕು ವಾರ ಅದೇ ಸಾಲು ಬರೆಯಬೇಕಾಗಿ ಬಂದರೆ, ಇನ್ನು ಮುಂದೆ ತಿಂಗಳಿಗೊಮ್ಮೆ ಬಂದರೆ ಸಾಲದೇ ಎಂದು ಕರೆದವರನ್ನೇ ಕೇಳಬಹುದು. ಅಷ್ಟು ಹೊತ್ತಿಗೆ ಆಧಾರ ಅವರ ಇನ್‌ಬಾಕ್ಸಿನಲ್ಲೇ ಇರುತ್ತದೆ.