ಬೆಳಕಿಗೂ ಸೊರಗುವ, ವೋಲ್ಟೇಜಿಗೂ ಸೊರಗುವ ಸೌರಫಲಕ

ಸಿಲಿಕಾನ್ ಸೌರಕೋಶವನ್ನು ಬೆಳಕಿಗೆ ಹಿಡಿದ ಮೊದಲ ಗಂಟೆಗಳಲ್ಲೇ ಅದರ ಶಕ್ತಿ ಕುಂದುತ್ತದೆ, 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕತ್ತಲಲ್ಲಿ ಕಾಯಿಸಿದರೆ ಮತ್ತೆ ಬರುತ್ತದೆ ಎಂಬುದನ್ನು ಫಿಷರ್ ಮತ್ತು ಪ್ಶುಂಡರ್ 1973ರಲ್ಲೇ ವರದಿ ಮಾಡಿದ್ದರು. ಕಾರಣ ಸ್ಪಷ್ಟವಾಗತೊಡಗಿದ್ದು 1990ರ ದಶಕದಲ್ಲಿ. ಸಿಲಿಕಾನಿಗೆ ಬೆರೆಸಿದ ಬೋರಾನ್, ಕರಗಿಸುವ ಸ್ಫಟಿಕಶಿಲೆಯ ಮೂಸೆಯಿಂದ ಸೇರಿಕೊಂಡ ಆಮ್ಲಜನಕದ ಜೊತೆಗೂಡಿ, ಬೆಳಕು ಬಿದ್ದಾಗ ಎಲೆಕ್ಟ್ರಾನುಗಳನ್ನು ನುಂಗುವ ದೋಷವಾಗುತ್ತದೆ. ಇದು ಎಲ್‌ಐಡಿ, ಅಂದರೆ ಬೆಳಕಿನಿಂದ ಬರುವ ಸೊರಗು. ನಷ್ಟ ಸಾಮಾನ್ಯವಾಗಿ ಶೇಕಡಾ 1ರಿಂದ 3, ಆಮೇಲೆ ನಿಂತುಬಿಡುತ್ತದೆ. ಇಂದು ತಯಾರಕರು ಬೋರಾನ್ ಬದಲು ಗ್ಯಾಲಿಯಂ ಬೆರೆಸುತ್ತಾರೆ, ಇಲ್ಲವೇ ರಂಜಕ ಬೆರೆಸಿದ ಎನ್-ಮಾದರಿ ಸಿಲಿಕಾನಿಗೆ ಹೋಗುತ್ತಾರೆ.

ನಿಜವಾದ ತಲೆನೋವು ಪಿಐಡಿ, ಅಂದರೆ ವೋಲ್ಟೇಜಿನಿಂದ ಬರುವ ಸೊರಗು. ಇದಕ್ಕೆ ಬಿಸಿಲು ಮೂಲವಲ್ಲ, ವೋಲ್ಟೇಜು. ತಲಾ 40 ವೋಲ್ಟಿನ 25 ಫಲಕಗಳನ್ನು ಸರಣಿಯಾಗಿ ಜೋಡಿಸಿದರೆ ಒಟ್ಟು 1000 ವೋಲ್ಟ್. ಟ್ರಾನ್ಸ್‌ಫಾರ್ಮರ್ ಇಲ್ಲದ ಇನ್ವರ್ಟರಿನಲ್ಲಿ ಸರಣಿಯ ನಡುಭಾಗ ಭೂಮಿಯ ಮಟ್ಟದ ಬಳಿ ನಿಲ್ಲುವುದರಿಂದ, ಋಣ ತುದಿಯ ಫಲಕದ ಕೋಶಗಳು ಭೂಮಿಗೆ ಜೋಡಿಸಿದ ಅಲ್ಯೂಮಿನಿಯಂ ಚೌಕಟ್ಟಿಗಿಂತ ಸುಮಾರು 500 ವೋಲ್ಟ್ ಕೆಳಗಿರುತ್ತವೆ. ಇಷ್ಟು ಸೆಳೆತ ಸಾಕು. ಬಿಸಿ, ತೇವ ಕೂಡಿದಾಗ ಗಾಜಿನಲ್ಲಿರುವ ಸೋಡಿಯಂ ಅಯಾನುಗಳು ಕೋಶಗಳನ್ನು ಹೊದಿಸಿದ ಇವಿಎ ಎಂಬ ಪ್ಲಾಸ್ಟಿಕ್ ಪದರ ದಾಟಿ ಕೋಶದ ಮೇಲ್ಮೈ ಮುಟ್ಟುತ್ತವೆ, ಸಿಲಿಕಾನಿನ ಹರಳಿನಲ್ಲಿರುವ ಪದರದೋಷಗಳೊಳಗೆ ನುಸುಳಿ, ವಿದ್ಯುತ್ತು ಹುಟ್ಟಿಸುವ ಪಿ-ಎನ್ ಸಂಧಿಗೆ ಅಡ್ಡದಾರಿ ಹಾಕುತ್ತವೆ. ವಿದ್ಯುತ್ತು ಹೊರಗೆ ಹರಿಯದೆ ಒಳಗೇ ಸೋರುತ್ತದೆ.

ಗುರುತಿಸುವ ಬಗೆ ಸರಳ. ಮುಂಜಾನೆ ಮಂದ ಬೆಳಕಿನಲ್ಲಿ ಫಲಕಗಳಿಗೆ ಏನನ್ನೂ ಜೋಡಿಸದೆ ಅವುಗಳ ತೆರೆದ ವೋಲ್ಟೇಜ್ ಅಳೆಯಿರಿ: ಧನ ತುದಿಯವು ಸರಿಯಿದ್ದು ಋಣ ತುದಿಯವು ಕುಸಿದಿದ್ದರೆ ಪಿಐಡಿ ಎಂದೇ ಶಂಕಿಸಬೇಕು. ನಡುಮಧ್ಯಾಹ್ನ ಅಳೆದವರಿಗೆ ಇದು ತಪ್ಪಿಹೋಗಬಹುದು, ಏಕೆಂದರೆ ಪ್ರಖರ ಬೆಳಕಿನಲ್ಲಿ ಸೋರಿಕೆಯ ಪಾಲು ಚಿಕ್ಕದಾಗಿ ಕಾಣುತ್ತದೆ. ರಾತ್ರಿ ಎಲೆಕ್ಟ್ರೋಲುಮಿನೆಸೆನ್ಸ್ ಚಿತ್ರ, ಅಂದರೆ ವಿದ್ಯುತ್ ಹರಿಸಿದಾಗ ಕೋಶಗಳು ಸೂಸುವ ಬೆಳಕಿನ ಚಿತ್ರ, ತೆಗೆದರೆ ಪೀಡಿತ ಕೋಶಗಳು, ಹೆಚ್ಚಾಗಿ ಚೌಕಟ್ಟಿನ ಅಂಚಿನವು, ಕಪ್ಪಾಗಿ ಕಾಣುತ್ತವೆ.

ಬೋರಾನ್ ಇಲ್ಲವೇ ಗ್ಯಾಲಿಯಂ ಬೆರೆಸಿದ ಪಿ-ಮಾದರಿ ಕೋಶಗಳ ಈ ರೋಗ 2010ರಲ್ಲಿ ವಿವರವಾಗಿ ವರದಿಯಾಯಿತು. ಅದಕ್ಕೂ ಮುಂಚೆ, 2005ರಲ್ಲಿ, ಅಮೆರಿಕದ ಸೌರಫಲಕ ಕಂಪನಿ ಸನ್‌ಪವರ್ ತನ್ನ ಎನ್-ಮಾದರಿ ಕೋಶಗಳಲ್ಲಿ ಬೇರೊಂದು ರೂಪ ಕಂಡಿತ್ತು. ಅಲ್ಲಿ ಸೋಡಿಯಂ ನುಸುಳುವುದಿಲ್ಲ, ಮೇಲ್ಮೈಯಲ್ಲಿ ವಿದ್ಯುದಂಶ ಕೂಡಿಕೊಳ್ಳುತ್ತದೆ. ಸರಣಿಯ ಧನ ತುದಿಯನ್ನು ಭೂಮಿಗೆ ಜೋಡಿಸಿದರೆ ಸಾಕಾಯಿತು.

ಪಿ-ಮಾದರಿಗೆ ಮದ್ದು ಹಲವು. ಪ್ರತಿಫಲನ ತಡೆಯುವ ಸಿಲಿಕಾನ್ ನೈಟ್ರೈಡ್ ಪದರದಲ್ಲಿ ಸಿಲಿಕಾನ್ ಹೆಚ್ಚಿಸುವುದು, ಅದರಡಿ ತೆಳು ಆಕ್ಸೈಡ್ ಬೆಳೆಸುವುದು, ಇವಿಎ ಬದಲು ಸುಲಭಕ್ಕೆ ವಿದ್ಯುತ್ ಸೋರದ ಪಾಲಿಓಲೆಫಿನ್ ಹಾಳೆ ಹಾಕುವುದು. ಈಗಾಗಲೇ ಸೊರಗಿದ ಫಲಕಗಳಿಗೆ ರಾತ್ರಿ ಧನ ವೋಲ್ಟೇಜ್ ಕೊಡುವ ಪೆಟ್ಟಿಗೆ ಜೋಡಿಸುತ್ತಾರೆ. ಸೋಡಿಯಂ ಹೊರಬರುತ್ತಾ ಶಕ್ತಿಯ ಬಹುಪಾಲು ಮರಳಬಹುದು. ಆದರೆ ತೀರಾ ಹಾಳಾದವು ಪೂರ್ತಿ ಚೇತರಿಸಿಕೊಳ್ಳುವುದಿಲ್ಲ.

‘ಪಿಐಡಿ ಮುಕ್ತ’ ಎಂಬ ಮುದ್ರೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಪಿಐಡಿಗೆಂದೇ ಇರುವ ಅಂತರರಾಷ್ಟ್ರೀಯ ಮಾನದಂಡ ಐಇಸಿ 62804 ಪರೀಕ್ಷೆಯ ಸಾಮಾನ್ಯ ಕ್ರಮದಲ್ಲಿ 85 ಡಿಗ್ರಿ ಬಿಸಿ ಮತ್ತು ಶೇಕಡಾ 85 ತೇವದಲ್ಲಿ 96 ಗಂಟೆ ವೋಲ್ಟೇಜ್ ಕೊಡುತ್ತಾರೆ. ಅದರಲ್ಲಿ ಗೆದ್ದ ಫಲಕದ ಗಾಜು, ಹಾಳೆ, ಕೋಶ ಇವೇ ನಿಮಗೆ ಬರುವ ಫಲಕದಲ್ಲೂ ಇವೆಯೇ ಎಂದು ಸಾಮಗ್ರಿ ಪಟ್ಟಿ ಕೇಳಿ ತಾಳೆ ನೋಡಬೇಕು. ಹಾಳೆಯೊಂದು ಬದಲಾಗಿದ್ದರೂ ಆ ವರದಿ ಬೇರೊಂದು ಫಲಕದ್ದು.